ಬಿರುಗಾಳಿ ಮೇಷ್ಟ್ರ ವಾರ್ಷಿಕ ವರದಿ

ದೊಡ್ಡ ಮೇಡಂ ಎತ್ತರದಲ್ಲಿ ಚಿಕ್ಕವರು. ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲವೆಂದು ಮೇಜಿನ ಕೆಳಗೆ ಒಂದು ಮಣೆ ಹಾಕಿಸಿಕೊಂಡಿದ್ದಾರೆ. ಶಾಲೆಯ ಮುಖ್ಯಸ್ಥರಾದ್ದರಿಂದ ದೊಡ್ಡ ಮೇಡಂ ಎಂಬ ಹೆಸರು ಬಂತು. ಆದರೆ ಹೆಸರು ಉಳಿದದ್ದು ಹುದ್ದೆಯಿಂದಲ್ಲ, ಬಾಯಿಂದ. ಎದುರಿಗಿರುವವರು ಯಾರೇ ಆಗಲಿ, ಹೇಳಬೇಕಾದ್ದನ್ನು ಮುಖದ ಮೇಲೆ ಹೊಡೆದಂತೆ ಹೇಳುವ ಬಾಯಿ ಅದು.

ಪರೀಕ್ಷೆ ಮುಗಿದು ಮಕ್ಕಳು ಮನೆ ಸೇರಿದ ಮೇಲೆ ಶಿಕ್ಷಕರ ವಾರ್ಷಿಕ ವರದಿ ಬರೆಯುವ ಕಾಲ. ಒಬ್ಬೊಬ್ಬರಿಗೂ ಒಂದು ಹಾಳೆ. ಅದರಲ್ಲಿ ಮೂರು ಭಾಗ: ಬಲಗಳು, ಕೊರತೆಗಳು, ಮುಂದಿನ ಗುರಿಗಳು. ಕೆಳಗೆ ಶಿಕ್ಷಕರ ಅಭಿಪ್ರಾಯಕ್ಕೆ ಒಂದಿಷ್ಟು ಜಾಗ, ಮೂರು ಸಹಿ: ಬರೆದವರದ್ದು, ಶಿಕ್ಷಕರದ್ದು, ಆಡಳಿತ ಮಂಡಳಿಯ ಕಾರ್ಯದರ್ಶಿಯದ್ದು. ಬೇರೆಯವರ ಹಾಳೆಗಳೆಲ್ಲ ಸಲೀಸಾಗಿ ಮುಗಿದಿದ್ದವು. ಗಣಿತದ ಮೇಷ್ಟ್ರದ್ದು ಮಾತ್ರ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು.

ಮಕ್ಕಳು ಅವರಿಗಿಟ್ಟ ಹೆಸರು ಬಿರುಗಾಳಿ. ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೆಯುತ್ತ ಓಡುವುದನ್ನು ನೋಡಿದರೆ ಹೆಸರಿಟ್ಟವರಿಗೆ ಬಹುಮಾನ ಕೊಡಬೇಕು ಅನಿಸುತ್ತದೆ. ಪ್ರೊಬೇಷನ್ನಿನ ಎರಡನೆಯ ವರ್ಷ. ಈ ವರದಿ ಸರಿಯಾಗಿ ಬಂದರೆ ಖಾಯಂ, ಇಲ್ಲವಾದರೆ ಈ ತಿಂಗಳ ಕೊನೆಗೆ ಕೈಯಲ್ಲೊಂದು ಅನುಭವ ಪತ್ರ ಹಿಡಿದುಕೊಂಡು ಬೇರೆ ಶಾಲೆಯ ಬಾಗಿಲು ಬಡಿಯಬೇಕು. ಮನೆಯಲ್ಲಿ ಎಂಟು ತಿಂಗಳ ಬಸುರಿ ಹೆಂಡತಿ.

ಕಾರ್ಯದರ್ಶಿಗೆ ಬಿರುಗಾಳಿಯನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಹಳೆಯದೇನಲ್ಲ, ಹೋದ ತಿಂಗಳ ಪೋಷಕರ ಸಭೆ. ಒಬ್ಬ ತಾಯಿ ಎದ್ದು, "ನನ್ನ ಮಗಳಿಗೆ ಡೌಟು ಕೇಳೋಕೇ ಆಗಲ್ವಂತೆ ಸಾರ್" ಅಂದಳು. ಬಿರುಗಾಳಿ ತಕ್ಷಣ, "ಒಂದೇ ರೂಮಲ್ಲಿ ಐವತ್ತಾರು ಮಕ್ಕಳನ್ನ ತುಂಬಿದ್ರೆ ಏನಮ್ಮ ಮಾಡ್ಲಿ? ಅಲ್ಲಿ ಮುಂದೆ ಕೂತಿದ್ದಾರಲ್ಲ, ಅವರನ್ನ ಕೇಳಿ" ಅಂದುಬಿಟ್ಟರು. ಮುಂದೆ ಕೂತಿದ್ದವರು ಕಾರ್ಯದರ್ಶಿ. ಪೋಷಕರೆಲ್ಲ ಕತ್ತು ಹೊರಳಿಸಿ ನೋಡಿದರು. ಆ ನೋಟ ಅವರಿಗೆ ಇನ್ನೂ ಅರಗಿರಲಿಲ್ಲ.

ಆ ಸೋಮವಾರ ಕಾರ್ಯದರ್ಶಿ ನೇರ ದೊಡ್ಡ ಮೇಡಂ ಕೋಣೆಗೆ ಬಂದು, ಹೇಳಿಸಿಕೊಳ್ಳದೆ ಕೂತರು.

"ಆ ಗಣಿತದವರ ವರದೀಲಿ ಒಂದು ಸಾಲು ಸೇರಿಸಿ ಮೇಡಂ. ಪೋಷಕರ ಜೊತೆ ವರ್ತನೆ ತೃಪ್ತಿಕರವಾಗಿಲ್ಲ ಅಂತ."

"ವರ್ಷಪೂರ್ತಿ ಅವರ ವರ್ತನೆ ಬಗ್ಗೆ ಒಂದೇ ಒಂದು ದೂರು ಬಂದಿಲ್ಲ ಸಾರ್. ಕೊನೇ ತಿಂಗಳಲ್ಲಿ ಆಡಿದ ಒಂದು ಮಾತನ್ನ ಹಿಡ್ಕೊಂಡು ಇಡೀ ವರ್ಷ ಅಳೆಯೋಕೆ ನನ್ನ ಕೈಲಾಗಲ್ಲ. ಅವರಿಗೆ ಒಂದ್ಸಲಾನೂ ಹೇಳದೇ ಇರೋದನ್ನ ವರದೀಲಿ ಮೊದಲ ಸಲ ಹೇಳೋದೂ ಇಲ್ಲ. ವರದಿ ಅಂದ್ರೆ ಹೊಂಚು ಹಾಕಿ ಹೊಡೆಯೋದಲ್ಲ."

ಕಾರ್ಯದರ್ಶಿ ಮೇಜಿನ ಮೇಲಿದ್ದ ಕರಡನ್ನು ಎಳೆದುಕೊಂಡು ಓದಿದರು. ಬಲಗಳು: ವಿಷಯದ ಮೇಲೆ ಹಿಡಿತ, ಕಷ್ಟದ ಲೆಕ್ಕವನ್ನು ಮೂರು ರೀತಿಯಲ್ಲಿ ಬಿಡಿಸಿ ತೋರಿಸುವ ಜಾಣ್ಮೆ, ಹಿಂದುಳಿದವರಿಗೆ ಶಾಲೆ ಬಿಟ್ಟ ಮೇಲೆ ನಡೆಸಿದ ತರಗತಿ. ಓದುತ್ತ ಅವರ ಮುಖ ಹುಳ್ಳಗಾಯಿತು. ಆಮೇಲೆ ಕೊರತೆಗಳ ಭಾಗಕ್ಕೆ ಬಂದರು. ಅಲ್ಲಿ ದೊಡ್ಡ ಮೇಡಂ ಬರೆದಿದ್ದರು: 'ಎಲ್ಲ ಮಕ್ಕಳ ಕಡೆ ಗಮನ ಸಾಲದು.'

ಕಾರ್ಯದರ್ಶಿಯ ಮುಖ ಅರಳಿತು. "ನನ್ನ ಸಾಲು ಬೇಡ ಬಿಡಿ. ಇದೇ ಸಾಕು. ಎಲ್ಲ ಮಕ್ಕಳ ಕಡೆ ಗಮನ ಕೊಡದೇ ಇರೋರನ್ನ ಯಾವ ಶಾಲೆ ಇಟ್ಕೊಳ್ಳುತ್ತೆ? ನೀವೇ ಬರೆದಿದ್ದೀರಿ, ನಾನಲ್ಲ."

ಅವರು ಹೋದ ಮೇಲೂ ದೊಡ್ಡ ಮೇಡಂ ಆ ಸಾಲನ್ನೇ ನೋಡುತ್ತ ಕೂತರು. ತಾವೇ ಮಸೆದ ಕತ್ತಿ. ಹಿಡಿಕೆಯನ್ನೂ ತಾವೇ ಅತ್ತ ತಿರುಗಿಸಿ ಕೊಟ್ಟಂತಾಗಿತ್ತು. ಸಿಟ್ಟು ಕಾರ್ಯದರ್ಶಿಯ ಮೇಲೆ ಬಂತು, ಅದಕ್ಕಿಂತ ಹೆಚ್ಚಾಗಿ ತಮ್ಮ ಮೇಲೆಯೇ ಬಂತು.

ಸಂಜೆ ಅಡುಗೆಮನೆಯಲ್ಲಿ ಅತ್ತೆಯ ಜೊತೆ ಬಟಾಣಿ ಬಿಡಿಸುತ್ತ ಎಲ್ಲವನ್ನೂ ಹೇಳಿಕೊಂಡರು. ಅತ್ತೆಗೆ ಎಂಬತ್ತು ಸಮೀಪ. ಕಿವಿ ಮಂದ, ಬುದ್ಧಿ ಚುರುಕು.

"ಆ ಸಾಲು ಕಿತ್ತು ಬಿಸಾಕು. ಹುಡುಗ ಉಳ್ಕೋತಾನೆ. ನೀರಲ್ಲಿದ್ದು ಮೊಸಳೆ ಜೊತೆ ನಿಂಗ್ಯಾಕೆ ಹಗೆ?"

"ಸಾಲು ಸುಳ್ಳಲ್ಲ ಅತ್ತೆ. ಹಿಂದಿನ ಬೆಂಚಲ್ಲಿ ಕೂತು ನಾನೇ ಕಣ್ಣಾರೆ ನೋಡಿದ್ದೀನಿ. ಕೊರತೆ ಮುಚ್ಚಿಟ್ರೆ ನಾಳೆ ನಾನು ಹೊಗಳಿದ್ದನ್ನ ಯಾರು ನಂಬ್ತಾರೆ?"

"ಹಾಗಾದ್ರೆ ಹುಡುಗನ್ನ ಮನೆಗೆ ಕಳ್ಸು. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು ಅಂದ್ರೆ ಹೇಗಮ್ಮ?" ಎಂದು ಅತ್ತೆ ಬಟಾಣಿಯೊಂದನ್ನು ಬಾಯಿಗೆ ಹಾಕಿಕೊಂಡರು.

ಮರುದಿನ ದೊಡ್ಡ ಮೇಡಂ ಬಿರುಗಾಳಿಯನ್ನು ಕರೆಸಿದರು. ಕರಡನ್ನು ಶಿಕ್ಷಕರ ಮುಂದಿಟ್ಟು ಮಾತಾಡದೆ ಅಂತಿಮ ಹಾಳೆ ಬರೆಯುವುದು ಅವರ ಪದ್ಧತಿಯಲ್ಲ. ಬಿರುಗಾಳಿ ನಿಂತೇ ಓದಿದರು. ಬಲಗಳ ಭಾಗದಲ್ಲಿ ಕಣ್ಣು ತೇವವಾಯಿತು. ಕೊರತೆಯ ಸಾಲಿಗೆ ಬಂದಾಗ ಕಿವಿ ಕೆಂಪಾಯಿತು.

"ಇದನ್ನ ತೆಗೆದುಬಿಡಿ ಮೇಡಂ. ಇದೊಂದು ಸಾಲು. ಅವರು ಇದಕ್ಕೇ ಕಾಯ್ತಿದ್ದಾರೆ ಅಂತ ನಿಮಗೂ ಗೊತ್ತು."

"ಗೊತ್ತು. ಆದ್ರೆ ತೆಗೆಯಲ್ಲ. ನೀವು ಪ್ರಶ್ನೆ ಕೇಳ್ತೀರಿ, ಮಕ್ಕಳು ಬಾಯಿ ತೆರೆಯೋ ಮೊದಲೇ ನೀವೇ ಉತ್ತರ ಹೇಳ್ತೀರಿ. ಇಲ್ಲ ಅಂದ್ರೆ ಮುಂದಿನ ಬೆಂಚಿನ ಅದೇ ನಾಲ್ಕು ಕೈ. ಮೊದಲ ಸಲ ಕ್ಲಾಸು ನೋಡಿದಾಗಲೇ ಹೇಳಿದ್ದೆ. ಹೇಳಿದ್ದೆನೋ ಇಲ್ವೋ?"

"ಹೇಳಿದ್ರಿ." ಬಿರುಗಾಳಿಯ ದನಿ ಏರಿತು. "ಹೇಳಿದ ಮೇಲೆ ತಿದ್ಕೊಳ್ಳಲಿಲ್ವಾ? 'ಎಲ್ಲ ಮಕ್ಕಳ ಕಡೆ' ಅಂತ ಬರೆದಿದ್ದೀರಲ್ಲ, ಯಾವ ಕ್ಲಾಸಲ್ಲಿ ಮೇಡಂ? ನಾನು ಎರಡು ಕ್ಲಾಸಿಗೆ ಹೋಗ್ತೀನಿ. ನಿಮ್ಮ ಸತ್ಯಕ್ಕೆ ನನ್ನ ಅನ್ನ ಬಲಿ ಆಗ್ಬೇಕು ಅಂದ್ರೆ ಆಗ್ಲಿ. ಸತ್ಯನಾದ್ರೂ ಪೂರ್ತಿ ಬರೀರಿ!" ಎಂದವರೇ ನಮಸ್ಕಾರವನ್ನೂ ಹೇಳದೆ ಹೊರಟುಹೋದರು.

ಬೇರೆ ಯಾರಾದರೂ ಆಗಿದ್ದರೆ 'ಎಷ್ಟು ಕೊಬ್ಬು' ಅನ್ನುತ್ತಿದ್ದರು. ದೊಡ್ಡ ಮೇಡಂ ಎದ್ದು ಬೀರು ತೆರೆದು, ವರ್ಷವಿಡೀ ತರಗತಿಗಳಲ್ಲಿ ಕೂತು ಬರೆದುಕೊಂಡ ವೀಕ್ಷಣೆಯ ಟಿಪ್ಪಣಿಗಳನ್ನು ತೆಗೆದರು. ಬಿರುಗಾಳಿಯ ಎರಡೂ ತರಗತಿಗಳಲ್ಲಿ ಅವರು ಮೂರು ಮೂರು ಸಲ ಕೂತಿದ್ದರು. ಎಲ್ಲವನ್ನೂ ಪಕ್ಕಪಕ್ಕದಲ್ಲಿ ಹರಡಿ ಓದಿದರು. ಚಿಕ್ಕ ತರಗತಿಯಲ್ಲಿ ಮೂವತ್ತು ಮಕ್ಕಳು. ಅಲ್ಲಿ ಮೊದಲ ಸಲ ಅದೇ ದೋಷ, ಎರಡನೆಯ ಸಲ ಅರ್ಧ ಕಡಿಮೆ, ಮೂರನೆಯ ಸಲ ಕಿಟಕಿ ಪಕ್ಕದ ಮೂಗನಂಥ ಹುಡುಗನೂ ಎದ್ದು ಉತ್ತರ ಹೇಳಿದ್ದ. ಐವತ್ತಾರರ ತರಗತಿಯಲ್ಲಿ ಮೂರು ಸಲವೂ ಅದೇ ಕಥೆ. ಮನುಷ್ಯ ಒಬ್ಬನೇ, ಪಾಠ ಒಂದೇ, ಬೇರೆಯಾಗಿದ್ದದ್ದು ತಲೆಗಳ ಸಂಖ್ಯೆ. ಎರಡು ತರಗತಿಯನ್ನೂ ಒಟ್ಟಿಗೆ ಕಲಸಿ, ಒಂದೇ ಸಾಲಿನಲ್ಲಿ ಎಲ್ಲರಿಗೂ ಬಡಿಸಿದ್ದು ತಾವು. ಅವಸರದಲ್ಲಿ ಬರೆದ ಸೋಮಾರಿ ಸಾಲು ಅದು, ಪ್ರಾಮಾಣಿಕತೆಯ ವೇಷ ಹಾಕಿಕೊಂಡಿತ್ತು ಅಷ್ಟೆ. ದೊಡ್ಡ ಮೇಡಂಗೆ ನಾಚಿಕೆಯಾಯಿತು. ನಾಚಿಕೆಯಾದರೆ ಅವರಿಗೆ ಛಲ ಬರುತ್ತದೆ.

ಹೊಸ ಹಾಳೆ ತೆಗೆದುಕೊಂಡು ಬರೆದರು. ಕೊರತೆ: 'ಪ್ರಶ್ನೆ ಕೇಳಿದ ಮೇಲೆ ಯೋಚಿಸಲು ಸಮಯ ಕೊಡುವುದಿಲ್ಲ, ಉತ್ತರಿಸುವ ಅವಕಾಶ ಮುಂದಿನ ಬೆಂಚಿನವರಿಗೇ ಸಿಗುತ್ತದೆ. ಮೊದಲ ವೀಕ್ಷಣೆಯ ನಂತರ ಇದನ್ನು ತಿಳಿಸಲಾಗಿದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಪೂರ್ಣವಾಗಿ ತಿದ್ದಿಕೊಂಡಿದ್ದಾರೆ. ಐವತ್ತಾರು ಮಕ್ಕಳ ತರಗತಿಯಲ್ಲಿ ಇನ್ನೂ ಆಗಿಲ್ಲ.' ಗುರಿ: 'ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ದೊಡ್ಡ ತರಗತಿಯಲ್ಲಿಯೂ ಪ್ರತಿ ಮಗು ವಾರಕ್ಕೆ ಒಮ್ಮೆಯಾದರೂ ಉತ್ತರಿಸುವಂತೆ ಮಾಡುವುದು.' ಅದರ ಕೆಳಗೆ ತಾವೇ ಸೇರಿಸಿದ್ದು, ಶಾಲೆ ಕೊಡಬೇಕಾದ ನೆರವು: 'ತಿಂಗಳಿಗೊಮ್ಮೆ ಮುಖ್ಯಸ್ಥರ ವೀಕ್ಷಣೆ ಮತ್ತು ಮಾತುಕತೆ, ಹಿರಿಯ ಶಿಕ್ಷಕರ ದೊಡ್ಡ ತರಗತಿಯಲ್ಲಿ ಕೂತು ನೋಡಲು ಬಿಡುವು, ತರಗತಿಯನ್ನು ಎರಡು ಮಾಡುವ ಬಗ್ಗೆ ಆಡಳಿತ ಮಂಡಳಿಯ ತೀರ್ಮಾನ.' ಕೊನೆಗೆ: 'ಖಾಯಂ ಮಾಡಲು ಶಿಫಾರಸು ಮಾಡುತ್ತೇನೆ.'

ಶುಕ್ರವಾರ ಮೂವರೂ ಸಭೆಯ ಕೋಣೆಯಲ್ಲಿ ಕೂತರು. ಕಾರ್ಯದರ್ಶಿ ಓದುತ್ತ ಓದುತ್ತ ಕನ್ನಡಕ ತೆಗೆದರು.

"ಇದೇನು ಮೇಡಂ? ವರದಿ ಶಿಕ್ಷಕರದ್ದೋ ಆಡಳಿತ ಮಂಡಳಿದೋ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!"

"ನೆಲ ನಿಜವಾಗ್ಲೂ ಡೊಂಕಿದ್ರೆ ಅದನ್ನೂ ಬರೀಬೇಕಲ್ಲ ಸಾರ್. ಕುಣಿಯೋರು ತಪ್ಪು ಹೆಜ್ಜೆ ಹಾಕಿದ್ದನ್ನೂ ಬರೆದಿದ್ದೀನಿ, ನೋಡಿ."

"ಈ ಐವತ್ತಾರು ತೆಗೀರಿ."

"ಅದನ್ನ ತೆಗೆದ್ರೆ ಉಳಿದ ಅರ್ಧ ಸುಳ್ಳಾಗುತ್ತೆ. ಹಾಗೆ ಬರೆದ ಹಾಳೆಗೆ ನನ್ನ ಸಹಿ ಸಿಗಲ್ಲ."

"ಹಾಗಾದ್ರೆ ಬೇರೆಯವರ ಹತ್ರ ಬರೆಸ್ತೀನಿ."

"ಬರೆಸಿ. ಬರೆಯೋರು ಅವರ ಕ್ಲಾಸಲ್ಲಿ ಎಷ್ಟು ಸಲ ಕೂತಿದ್ದಾರೆ ಅಂತಾನೂ ಬರೆಸಿ. ಈ ಹಾಳೆಗೆ ಸಹಿ ಮಾಡಲ್ಲ ಅಂದ್ರೆ ಯಾಕೆ ಅಂತ ಪಕ್ಕದಲ್ಲೇ ಬರೀಬೇಕು. ಅದು ನಿಯಮ. ನಾನು ಮಾಡಿದ್ದಲ್ಲ, ನಿಮ್ಮ ಮಂಡಳೀನೇ ಮಾಡಿದ್ದು."

ಕಾರ್ಯದರ್ಶಿ ಅಡಕತ್ತರಿಯಲ್ಲಿ ಸಿಕ್ಕಿದರು. ಕಾರಣ ಬರೆದರೆ ಐವತ್ತಾರು ಎಂದು ತಮ್ಮ ಕೈಯಿಂದಲೇ ಬರೆಯಬೇಕು. ಸ್ವಲ್ಪ ಹೊತ್ತು ಪೆನ್ನಿನಿಂದ ಮೇಜು ಕುಟ್ಟಿದರು. ಆಮೇಲೆ ಅವರ ದನಿ ಬೆಣ್ಣೆಯಾಯಿತು. ಬಿರುಗಾಳಿಯ ಕಡೆ ತಿರುಗಿದರು.

"ನೋಡಿ ಮೇಷ್ಟ್ರೇ, ನನಗೂ ನಿಮಗೂ ಏನು ಜಗಳ? ಈ ಕೊರತೆ ಅನ್ನೋ ಭಾಗಾನೇ ಪೂರ್ತಿ ಹೊಡೆದು ಹಾಕೋಣ. ಕೊರತೆ ಇಲ್ಲ ಅಂದ್ರೆ ಗುರೀನೂ ಬೇಡ, ಶಾಲೆ ನೆರವೂ ಬೇಡ. ಬರೀ ಬಲಗಳು. ಈಗಲೇ ಸಹಿ ಮಾಡ್ತೀನಿ, ನೀವು ಖಾಯಂ. ಕಲೆ ಇಲ್ಲದ ವರದಿ. ಏನಂತೀರಿ?"

ದೊಡ್ಡ ಮೇಡಂ ಬಾಯಿ ತೆರೆಯಲು ಹೋಗಿ ಸುಮ್ಮನಾದರು. ಮೂರು ದಿನದ ಹಿಂದೆ ಇದೇ ಮೇಷ್ಟ್ರು ತಮ್ಮನ್ನು ಬೇಡಿದ್ದು ಇದನ್ನೇ. ಬೇಡ ಎನ್ನಲು ತಮಗೇನು ಹಕ್ಕು? ಬಾಡಿಗೆ, ಹೆರಿಗೆ, ಖರ್ಚು, ಎಲ್ಲ ಅವರದ್ದು. ಅವರು ಹೂಂ ಅಂದರೆ ತಾವೂ ತಲೆ ತಗ್ಗಿಸಿ ಎದ್ದುಹೋಗುವುದು ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡರು.

ಬಿರುಗಾಳಿ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು, ಜೀವನದಲ್ಲೇ ಮೊದಲ ಬಾರಿ ಎಂಬಂತೆ ನಿಧಾನವಾಗಿ ಓದಿದರು.

"ಬೇಡ ಸಾರ್" ಎಂದರು.

"ನಿಮಗೆ ತಲೆ ಸರಿ ಇದೆಯಾ? ಬಿಟ್ಟಿ ಸಿಕ್ಕಿದ ಒಳ್ಳೇ ಹೆಸರು ಬೇಡ ಅಂತೀರಲ್ಲ!"

"ಕೊರತೆ ನಂದೇ ಸಾರ್, ಇರೋದನ್ನೇ ಬರೆದಿದ್ದಾರೆ. ಅದನ್ನ ಹೊಡೆದು ಹಾಕಿದ್ರೆ ಅದರ ಜೊತೆ ಆ ಐವತ್ತಾರು ಮಕ್ಕಳೂ ಹೋಗ್ತಾರೆ. ಮುಂದಿನ ವರ್ಷ ಮತ್ತೆ ಅದೇ ರೂಮಲ್ಲಿ ಅವರ ಮುಂದೆ ನಿಲ್ಲೋನು ನಾನು."

ಜೇಬಿನಿಂದ ಪೆನ್ನು ತೆಗೆದು, ಶಿಕ್ಷಕರ ಅಭಿಪ್ರಾಯ ಎಂಬಲ್ಲಿ 'ಒಪ್ಪಿದ್ದೇನೆ, ಪೂರ್ತಿಯಾಗಿ' ಎಂದು ಬರೆದು ಸಹಿ ಹಾಕಿದರು. ಹಾಳೆಯನ್ನು ಕಾರ್ಯದರ್ಶಿಯ ಮುಂದೆ ತಳ್ಳಿದರು.

ಕಾರ್ಯದರ್ಶಿ ಒಮ್ಮೆ ಅವರನ್ನು, ಒಮ್ಮೆ ಇವರನ್ನು ನೋಡಿದರು. ಸಹಿ ಗೀಚಿ ಎದ್ದರು. ಬಾಗಿಲ ಬಳಿ ನಿಂತು, "ಮುಂದಿನ ವಾರ ನಿಮ್ಮ ವರದಿ ಮೇಡಂ. ಅದನ್ನ ಬರೆಯೋನು ನಾನು" ಎಂದರು.

"ಬರೀರಿ ಸಾರ್" ಎಂದರು ದೊಡ್ಡ ಮೇಡಂ. "ಆದ್ರೆ ಮೊದಲು ಬಂದು ನನ್ನ ಕೆಲಸ ನೋಡಿ. ನೋಡದೇ ಬರೆದ್ರೆ ಅದನ್ನೂ ಅಭಿಪ್ರಾಯದಲ್ಲಿ ಬರೀತೀನಿ."