ನೀರು ಎಲ್ಲಿ ನಿಂತಿತು?

ಬಾಣಂತಿ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಮಧ್ಯಾಹ್ನ ಬರುತ್ತೇನೆಂದು ಕಾರವಾರದ ಆಸ್ಪತ್ರೆಯಿಂದ ದೇವಿದಾಸ ಬೆಳಿಗ್ಗೆಯೇ ಫೋನು ಮಾಡಿದ್ದ. ಅವನ ತಾಯಿ ಕಾಶಿ ರಿಸೀವರ್ ಇಟ್ಟವಳೇ ಸೀದಾ ಬಚ್ಚಲಿಗೆ ಹೋದಳು. ಹಂಡೆ ತುಂಬಿಸಿ ಒಲೆ ಹಚ್ಚಬೇಕಿತ್ತು. ನಲ್ಲಿ ತಿರುಗಿಸಿದರೆ ಒಮ್ಮೆ ಗೊರ್ರೆಂದು ಸುಮ್ಮನಾಯಿತು. ಅಡುಗೆಮನೆಯ ನಲ್ಲಿಯೂ ಹಾಗೆಯೇ.

ಅಂಕೋಲೆಯ ಆ ಓಣಿಗೆ ನಾಲ್ಕಾರು ದಿನಗಳಿಂದ ನೀರು ಬಂದಿರಲಿಲ್ಲ. ರಸ್ತೆ ಅಗೆಯುವಾಗ ಎಲ್ಲೋ ದೊಡ್ಡ ಪೈಪು ಒಡೆದಿತ್ತು. ಅದನ್ನು ಸರಿಮಾಡಿ ಇವತ್ತು ನಸುಕಿನಲ್ಲಿ ನೀರು ಬಿಟ್ಟಿದ್ದರು. ಕಾಶಿ ಎದ್ದವಳೇ ಮೋಟರು ಹಾಕಿದ್ದಳು. ಮೋಟರು ಇನ್ನೂ ಓಡುತ್ತಲೇ ಇತ್ತು.

"ಮೋಟರು ಓಡ್ತಾ ಇದೆ, ನೀರಿಲ್ಲ. ಇದೆಂತ ಕತೆ?" ಎಂದು ಗೊಣಗುತ್ತ ಅವಳು ಸ್ವಿಚ್ ಆರಿಸಿದಳು. ಮೋಟರಿನ ಮೈ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಸುಡುತ್ತಿತ್ತು.

ಪ್ಲಂಬರ್ ಮಾಸ್ತಿಯ ಮನೆಗೆ ಫೋನು ಮಾಡಿದರೆ ಅವನು ಬೇಲೆಕೇರಿಗೆ ಹೋಗಿದ್ದಾನೆ, ಬರುವುದು ಸಂಜೆಯೇ ಎಂದರು.

ಮೊಮ್ಮಗಳು ಮನಿಷಾ ಜಗುಲಿಯ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಮೂರನೇ ಇಯತ್ತೆಯ ಹುಡುಗಿ. ಅಪ್ಪ ತನ್ನನ್ನು ಕಾರವಾರಕ್ಕೆ ಕರೆದುಕೊಂಡು ಹೋಗಲಿಲ್ಲವೆಂಬುದು ಒಂದು ಸಿಟ್ಟು. ಹೋದವರೆಲ್ಲ ತಮ್ಮನ ಸುದ್ದಿಯೊಂದನ್ನೇ ಹೇಳುತ್ತಿದ್ದಾರೆಂಬುದು ಇನ್ನೊಂದು.

"ಮಗಾ, ಬಾ ಇಲ್ಲಿ. ನೀರು ಹುಡುಕೂಕೆ ಹೋಗುವಾ."

"ನಾ ಬರೂದಿಲ್ಲ. ನೀರು ಅವನಿಗೇ ಅಲ್ವಾ ಬೇಕಾದದ್ದು?"

"ಹೆತ್ತ ನಿನ್ನ ಆಯಿಗೂ ಬೇಕು. ನಂಗೆ ಮೊಳಕಾಲು ನೋವು, ಟೆರೇಸ್ ಹತ್ತೂಕೆ ಆಗೂದಿಲ್ಲ. ನೀ ಬರದಿದ್ರೆ ನಾ ಯಾರನ್ನು ಕರೀಲಿ?"

ಮನಿಷಾ ಎದ್ದಳು. ಆದರೂ ಮುಖ ಸಡಿಲಿಸಲಿಲ್ಲ. "ನೀರು ಮಾಡೂದು ಮೋಟರಲ್ವಾ ಅಜ್ಜಿ? ಅದೇ ಹಾಳಾಗಿರಬೇಕು."

"ಮೋಟರು ನೀರು ಮಾಡೂದಿಲ್ಲ ಮಗಾ, ಹೊತ್ತು ಹಾಕ್ತದೆ ಅಷ್ಟೆ. ಮೊದಲು ನೀರು ಎಲ್ಲಿಂದ ಬತ್ತದೆ ನೋಡು. ಎಲ್ಲಿಯ ತನಕ ಬಂದು ನಿಂತಿದೆ ಅಂತ ಗೊತ್ತಾದ್ರೆ ಸಾಕು."

ಇಬ್ಬರೂ ಗೇಟಿನ ಹತ್ತಿರ ಹೋದರು. ಓಣಿಯ ಮಣ್ಣಿನೊಳಗೆ ಪುರಸಭೆಯ ದೊಡ್ಡ ಪೈಪು ಹಾದುಹೋಗಿತ್ತು. ಅದಕ್ಕೆ ಸಿಕ್ಕಿಸಿದ ಸಣ್ಣ ಪೈಪೊಂದು ಕಂಪೌಂಡಿನ ಬುಡದಲ್ಲಿ ಒಳಗೆ ಬಂದು ಮೀಟರಿನ ಮೂಲಕ ಹಾಯುತ್ತಿತ್ತು. ಕಾಶಿ ಮೀಟರಿನ ಮುಚ್ಚಳ ಎತ್ತಿದಳು. ಗಾಜಿನೊಳಗೆ ಕೆಂಪು ಮುಳ್ಳು ತಿರುಗುತ್ತಿತ್ತು.

"ಓಡ್ತಾ ಇದೆ!" ಎಂದಳು ಮನಿಷಾ.

"ಅಂದ್ರೆ ಇಲ್ಲಿಯ ತನಕ ಅಡ್ಡಿಯಿಲ್ಲ."

ಅಲ್ಲಿಂದ ಪೈಪು ಅಂಗಳದ ನೆಲದೊಳಗೆ ಕಟ್ಟಿದ ಸಂಪಿನ ತೊಟ್ಟಿಗೆ ಬರುತ್ತಿತ್ತು. ಕಾಶಿ ಮುಚ್ಚಳ ಸರಿಸಿ, ಮೊಮ್ಮಗಳ ಫ್ರಾಕಿನ ಹಿಂಬದಿಯನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಬಗ್ಗಿಸಿ ತೋರಿಸಿದಳು. ಸಂಪು ಮುಕ್ಕಾಲು ತುಂಬಿತ್ತು. ಒಂದು ಮೂಲೆಯಲ್ಲಿ ನೀರು ಬೀಳುತ್ತಿತ್ತು, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ಚೆಂಡೊಂದು ತೇಲುತ್ತಿತ್ತು.

"ಆ ಚೆಂಡು ಎಂತಕ್ಕೆ?"

"ನೀರು ಏರಿದ ಹಾಗೆ ಅದೂ ಏರ್ತದೆ. ಮೇಲೆ ಬಂದ ಮೇಲೆ ನೀರು ಬರೂದನ್ನು ತಾನೇ ಮುಚ್ತದೆ. ಇಲ್ಲದಿದ್ರೆ ಅಂಗಳವೆಲ್ಲ ಹೊಳೆಯಾಗ್ತಿತ್ತು."

"ಹಂಗಾದ್ರೆ ಇಷ್ಟು ನೀರಿದ್ದೂ ಮೇಲೆ ಎಂತಕ್ಕೆ ಹೋಗೂದಿಲ್ಲ? ಓಣಿಯಿಂದ ಬಂದ ಹಾಗೆ ಸೀದಾ ಹೋಗಬಾರದಾ?"

"ಓಣಿಯಲ್ಲಿ ನೀರಿಗೆ ಅಷ್ಟು ಜೋರಿಲ್ಲ. ಇಲ್ಲಿಗೆ ಬರೂದೇ ಅದಕ್ಕೆ ಸಾಕಾಗ್ತದೆ. ಮೇಲಕ್ಕೆ ನಾವೇ ಎತ್ತಬೇಕು."

ಸಂಪಿನ ಪಕ್ಕದ ಸಣ್ಣ ಗೂಡಿನಲ್ಲಿ ಮೋಟರಿತ್ತು. ಅದರ ಒಂದು ಪೈಪು ಸಂಪಿನೊಳಗೆ ಇಳಿದಿತ್ತು, ಇನ್ನೊಂದು ಗೋಡೆಗುಂಟ ಟೆರೇಸಿನ ಟ್ಯಾಂಕಿಯ ಕಡೆ ಏರಿತ್ತು. ಕಾಶಿ ಬಗ್ಗಿ ಮೋಟರನ್ನೂ ಪೈಪನ್ನೂ ನೋಡಿದಳು.

"ನಿನ್ನೆ ಸಂಪು ಪೂರ್ತಿ ಬತ್ತಿತ್ತಲ್ಲ ಮಗಾ, ನಾನೇ ತಳದವರೆಗೂ ಎಳೆಸಿದ್ದೆ. ಕಡೆಗೆ ಇದು ಗಾಳಿ ಕುಡಿದುಬಿಟ್ಟಿದೆ. ಮೋಟರಿನ ಹೊಟ್ಟೇಲಿ ಒಂದು ಚಕ್ರ ತಿರುಗ್ತದೆ. ಅದು ನೀರನ್ನು ದೂಡ್ತದೆ. ಹೊಟ್ಟೆ ತುಂಬ ಗಾಳಿಯೇ ಇದ್ರೆ ತಿರುಗೂದಷ್ಟೇ, ಎಂತದೂ ಮೇಲೆ ಬರೂದಿಲ್ಲ. ಹೋದ ಸಲ ಹೀಗಾದಾಗ ಮಾಸ್ತಿ ನೀರು ಹೊಯ್ದಿದ್ದ, ನಾ ನೋಡಿದ್ದೆ."

"ನೀರು ಹೊಯ್ದರೆ ಕೆಳಗೆ ಸಂಪಿಗೇ ಹೋಗೂದಿಲ್ವಾ?"

ಕಾಶಿಗೆ ಈ ಪ್ರಶ್ನೆ ಹಿಡಿಸಿತು. "ಪೈಪಿನ ತುದಿಯಲ್ಲಿ, ನೀರೊಳಗೆ, ಒಂದು ಸಣ್ಣ ಬಾಗಿಲಿದೆ. ಒಳಗೆ ಬರೂಕೆ ಬಿಡ್ತದೆ, ವಾಪಸು ಹೋಗೂಕೆ ಬಿಡೂದಿಲ್ಲ. ಅದು ಗಟ್ಟಿಯಿದ್ರೆ ನಮಗೆ ಸಾಕು."

ಅವಳು ಗೋಡೆಯ ಪ್ಲಗ್ಗನ್ನೇ ಕಿತ್ತು ಹೊರಗಿಟ್ಟಳು. ಮೋಟರು ತಣಿಯುವವರೆಗೆ ಇಬ್ಬರೂ ಹಗ್ಗ ಕಟ್ಟಿದ ಬಾಲ್ದಿಯಲ್ಲಿ ಸಂಪಿನ ನೀರು ಸೇದಿಟ್ಟುಕೊಂಡರು. ಆಮೇಲೆ ನಟ್ಟು ಬಿಚ್ಚುವ ಪಾನಾ ತಂದು ಮೋಟರಿನ ನೆತ್ತಿಯ ಬಿರಡೆಯನ್ನು ತಿರುಗಿಸಿದಳು. ಬಿಚ್ಚಲಿಲ್ಲ. ಎರಡೂ ಕೈ ಹಾಕಿ, ಹಲ್ಲು ಕಚ್ಚಿ ಮತ್ತೆ ತಿರುಗಿಸಿದಾಗ ಕಿರ್ರೆಂದು ಸಡಿಲಾಯಿತು. ಮನಿಷಾ ಚಂಬಿನಿಂದ ಹೊಯ್ಯತೊಡಗಿದಳು. ನೀರು ಗಳಗಳನೆ ಇಳಿಯಿತು. ಕಡೆಗೆ ಅಂಚಿಗೆ ಬಂತು.

"ತುಂಬಿತು," ಎಂದು ಕಾಶಿ ಬಿರಡೆ ಮುಚ್ಚಿ ಪ್ಲಗ್ ಹಾಕಿದಳು. "ಈಗ ಮೇಲೆ ಓಡು. ಟ್ಯಾಂಕಿಗೆ ಕಿವಿ ಕೊಟ್ಟು ಕೇಳು. ನೀರು ಬೀಳೂ ಸದ್ದು ಕೇಳಿದ್ರೆ ಕೂಗು."

ಮನಿಷಾ ಟೆರೇಸಿಗೆ ಓಡಿದಳು. ಕಪ್ಪು ಟ್ಯಾಂಕಿ ಬಿಸಿಲಿಗೆ ಕಾದಿತ್ತು. ಅದಕ್ಕೆ ಕಿವಿ ಹಚ್ಚಿ ನಿಂತಳು. ಕೆಳಗೆ ಮೋಟರು ಗುಂಯ್ ಎಂದಿತು. ಟ್ಯಾಂಕಿಯೊಳಗೆ ಮಾತ್ರ ನಿಶ್ಶಬ್ದ.

"ಇಲ್ಲ ಅಜ್ಜಿ! ಎಂತದೂ ಇಲ್ಲ!"

ಮೋಟರು ಒಡನೆ ನಿಂತಿತು. ಮನಿಷಾ ಕೆಳಗೆ ಬಂದಾಗ ಅಜ್ಜಿ ಗೂಡಿನ ಮುಂದೆ ನೆಲದ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. "ಮಾಸ್ತಿ ಬರೂವರೆಗೆ ಕಾಯಬೇಕೇನೋ. ಹಂಡೆಗೆ ಸಂಪಿನಿಂದಲೇ ಒಂದೊಂದೇ ಬಾಲ್ದಿ ಸೇದಿ ಹೊರುವಾ," ಎಂದಳು. ಅವಳ ದನಿ ಸೋತಿತ್ತು.

ಮನಿಷಾ ಪಾನಾ ಎತ್ತಿಕೊಂಡಳು. "ಇನ್ನೊಂದು ಸಲ ನೋಡುವಾ. ನಾನೇ ನೋಡ್ತೆ."

ಕಾಶಿ ಪ್ಲಗ್ ಕಿತ್ತು, ಬಿರಡೆ ಬಿಚ್ಚಿದಳು. ಮೊದಲು ಅಂಚಿನವರೆಗೆ ಇದ್ದ ನೀರು ಈಗ ಕೆಳಗಿಳಿದಿತ್ತು. ಮನಿಷಾ ಹೊಯ್ದಳು. ತುಂಬಿತು. ಅಜ್ಜಿ ಬಿರಡೆ ಎತ್ತಿಕೊಂಡಾಗ ಹುಡುಗಿ ಅವಳ ಕೈ ಹಿಡಿದಳು.

"ತಡಿ. ಗುಳ್ಳೆ ಬತ್ತಾ ಇದೆ ನೋಡು."

ಹೌದು, ಒಂದು ಗುಳ್ಳೆ ಎದ್ದು ಒಡೆಯಿತು. ಸ್ವಲ್ಪ ತಡೆದು ಇನ್ನೊಂದು. ಪೈಪಿನ ಬಾಗಿನಲ್ಲಿ ಗಾಳಿ ಇನ್ನೂ ಸಿಕ್ಕಿಕೊಂಡಿತ್ತು. ಕಾಶಿ ಪೈಪಿಗೆ ಮೆಲ್ಲಗೆ ತಟ್ಟಿದಳು, ಮನಿಷಾ ಹೊಯ್ದಳು, ಮತ್ತೆ ಗುಳ್ಳೆ, ಮತ್ತೆ ಹೊಯ್ದಳು. ಕಡೆಗೆ ನೀರು ಅಲುಗಾಡದೆ ನಿಂತಿತು. ಅಜ್ಜಿ ಬಿರಡೆ ಬಿಗಿದು, ಕೈ ಒರೆಸಿಕೊಂಡು ಪ್ಲಗ್ ಹಾಕಿದಳು.

ಹೇಳಿಸಿಕೊಳ್ಳದೆಯೇ ಹುಡುಗಿ ಮೇಲೆ ಓಡಿದ್ದಳು. ಮೋಟರು ಈ ಸಲ ಬೇರೆ ದನಿಯಲ್ಲಿ, ತುಸು ಭಾರವಾಗಿ ಹಾಡಿತು. ಟ್ಯಾಂಕಿಯೊಳಗೆ ಮೊದಲು ಉಸಿರು ಬಿಟ್ಟಂತಾಯಿತು. ಆಮೇಲೆ ಮಳೆ ಬಿದ್ದ ಹಾಗೆ ಧೋ ಎಂದಿತು.

"ಬಂತು! ಅಜ್ಜಿ, ಬಂತು!"

ಟ್ಯಾಂಕಿಯ ಬುಡದಿಂದ ಬೇರೊಂದು ಪೈಪು ಹೊರಟು ಗೋಡೆಗುಂಟ ಇಳಿದಿದ್ದನ್ನು ಮನಿಷಾ ಆಗ ನೋಡಿದಳು. ಅದನ್ನೇ ಕಣ್ಣಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದಳು. ಅದು ಅಡುಗೆಮನೆಯ ಕಡೆಗೊಂದು, ಬಚ್ಚಲ ಕಡೆಗೊಂದು ಕವಲಾಗಿತ್ತು.

"ಇಳೀವಾಗ ಮೋಟರು ಬೇಡ್ವಾ ಅಜ್ಜಿ?"

"ಬೇಡ. ಎತ್ತರದಲ್ಲಿದ್ದ ನೀರು ತನ್ನ ಭಾರಕ್ಕೇ ಇಳೀತದೆ. ಅದಕ್ಕೇ ನಾವು ಅಷ್ಟು ಕಷ್ಟಪಟ್ಟು ಹತ್ತಿಸೂದು."

ಬಚ್ಚಲ ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ಸ್ವಲ್ಪ ಕೆಂಪು ನೀರು ಬಿಟ್ಟು ತಿಳಿಯಾಯಿತು. ಅಜ್ಜಿ ಹಂಡೆಯ ಕೆಳಗೆ ತೆಂಗಿನ ಗರಿ, ಕರಟ ಒಟ್ಟಿದಳು.

ದೇವಿದಾಸನ ರಿಕ್ಷಾ ಗೇಟಿಗೆ ಬರುವಾಗ ಹಂಡೆಯಿಂದ ಆವಿ ಏಳುತ್ತಿತ್ತು. ಬಾಣಂತಿ ಒಳಗೆ ಮಲಗಿದಳು. ಕಾಶಿ ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನಿಷಾಳನ್ನು ಕರೆದು ಚಂಬು ಕೊಟ್ಟಳು. "ಬಿಸಿ ನೋಡಿ, ಮೆಲ್ಲಗೆ ಹೊಯ್."

ಮನಿಷಾ ಮೊದಲು ತನ್ನ ಮುಂಗೈ ಮೇಲೆ ಹೊಯ್ದು ನೋಡಿದಳು. ಆಮೇಲೆ ತಮ್ಮನ ಹೊಟ್ಟೆಯ ಮೇಲೆ ಸಣ್ಣ ಧಾರೆ ಬಿಟ್ಟಳು. ಅಳುತ್ತಿದ್ದವನು ಬಾಯಿ ತೆರೆದಂತೆಯೇ ಸುಮ್ಮನಾಗಿ ಅವಳನ್ನೇ ನೋಡಿದ.

"ನಾನೇ ತಂದ ನೀರು ಇದು," ಎಂದಳು ಅವಳು ಅವನಿಗೆ. "ದೊಡ್ಡವನಾದ್ಮೇಲೆ ಎಲ್ಲಿಂದ ಬತ್ತದೆ ಅಂತ ನಿಂಗೂ ತೋರಿಸ್ತೆ."