ವಾರಕ್ಕೆ ಎರಡೇ ಸೂಜಿ

ಕುಮಟೆಯ ದವಾಖಾನೆಗೆ ಡಾಕ್ಟರರು ಬರುತ್ತಿದ್ದರು, ಹೋಗುತ್ತಿದ್ದರು. ಮದ್ದಿನ ಕಿಟಕಿಯ ಹಿಂದೆ ದಾಸಪ್ಪ ಕಂಪೌಂಡರ ಮಾತ್ರ ಹದಿನಾಲ್ಕು ವರ್ಷದಿಂದ ಕದಲಿರಲಿಲ್ಲ. ಪಕ್ಕದ ಹೊಳನಗದ್ದೆ ಊರಿನ ಜನಕ್ಕೆ ಅವನ ಕೈಗುಣದ ಮೇಲೆ ಡಾಕ್ಟರರ ಓದಿಗಿಂತ ಹೆಚ್ಚು ನಂಬಿಕೆ. ಅಂಥ ಮನುಷ್ಯನಿಗೆ ಗುರುವಾರ ಬಂತೆಂದರೆ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗುರುವಾರ ಬಂಗಾರಿ ಬರುತ್ತಿದ್ದಳು.

ಬಂಗಾರಿ ಈಗ ರೋಗಿಯಲ್ಲ. ತಮ್ಮ ಶನಿಯಾರನ ಹೆಂಡತಿ ಸುಕ್ರಿಗೆ ಕ್ಷಯ ಹಿಡಿದಿತ್ತು, ಅವಳ ಜೊತೆಗೆ ಬರುತ್ತಿದ್ದಳು, ಅಷ್ಟೆ. ಜಗಲಿಯ ಗೋಡೆಗೆ ಅಂಗೈ ಒತ್ತಿ ನಿಂತು ಕಿಟಕಿಯತ್ತ ನೋಡಿ ನಗುವಳು. ಗೋಡೆ ಬಿಟ್ಟರೆ ಅವಳು ಓಲಾಡುತ್ತಾಳೆ. ಪಕ್ಕದಲ್ಲಿ ಬಾಂಬು ಹೊಡೆದರೂ ಅವಳಿಗೆ ಕೇಳುವುದಿಲ್ಲ. ಹಿಂದೊಮ್ಮೆ ನಾಟಿಯ ಗದ್ದೆಯಲ್ಲಿ ಅವಳು ಹಾಡು ಎತ್ತಿದರೆ ಆಚೆ ದಿಬ್ಬದ ಹೆಂಗಸರೂ ಸೊಲ್ಲು ಕೂಡಿಸುತ್ತಿದ್ದರು. ಈಗ ಆ ಹಾಡು ದಾಸಪ್ಪನ ತಲೆಯೊಳಗೆ ಮಾತ್ರ ಉಳಿದಿತ್ತು. ಒರಳಲ್ಲಿ ಪುಡಿ ಅರೆಯುವಾಗ, ಶೀಸೆ ತೊಳೆಯುವಾಗ, ಹಿಂದಿನಿಂದ ಯಾರೋ ಮೆಲ್ಲಗೆ ಹಾಡಿದಂತಾಗಿ ಅವನು ತಿರುಗಿ ನೋಡುತ್ತಿದ್ದ. ಯಾರೂ ಇರುತ್ತಿರಲಿಲ್ಲ.

ಐದು ವರ್ಷದ ಹಿಂದೆ, ಐವತ್ತೆಂಟನೇ ಇಸವಿಯಲ್ಲಿ, ಬಂಗಾರಿಗೂ ಕ್ಷಯವಾಗಿತ್ತು. ಆಗಿದ್ದ ಡಾಕ್ಟರರು ದಿನಕ್ಕೊಂದು ಗ್ರಾಂ ಸ್ಟ್ರೆಪ್ಟೊಮೈಸಿನ್ ಬರೆದರು. ಅವಳ ಮುಖ ಬೆಳಿಗ್ಗೆ ಬಾತಿರುತ್ತಿತ್ತು, ಪಾದ ಒತ್ತಿದರೆ ಗುಳಿ ಬೀಳುತ್ತಿತ್ತು. ಮೂತ್ರ ಕುದಿಸಿ ನೋಡಿದವನು ದಾಸಪ್ಪನೇ. ನಳಿಕೆಯಲ್ಲಿ ಅದು ಒಡೆದ ಹಾಲಿನಂತೆ ಗಟ್ಟಿಯಾಗಿತ್ತು. ಮೂತ್ರಪಿಂಡ ಕೆಟ್ಟಿದೆ ಎನ್ನಲು ಅಷ್ಟು ಸಾಕಿತ್ತು. ಅವನು ಚೀಟಿಯಲ್ಲಿ ಬರೆದ, ಆ ಚೀಟಿ ಉಳಿದ ಚೀಟಿಗಳ ಅಡಿಗೆ ಸೇರಿತು, ಡಾಕ್ಟರರು ನೋಡಲಿಲ್ಲ, ಇವನೂ ನೆನಪಿಸಲಿಲ್ಲ. ಮೂರನೆಯ ವಾರ ಅವಳು, “ಒಡೆಯಾ, ಕಿವಿಯೊಳಗೆ ಜೀರುಂಡೆ ಕೂಗ್ತದೆ” ಎಂದಳು. “ನಿಶ್ಶಕ್ತಿ, ಸರಿ ಹೋಗ್ತದೆ” ಎಂದು ಇವನು ಸೂಜಿ ಚುಚ್ಚಿದ. ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ, ಆ ಶಿಸ್ತಿಗೆ ಬೆಂಕಿ ಹಾಕ.

ಕೆಮ್ಮು ನಿಂತಿತು, ರಕ್ತ ನಿಂತಿತು. ಕಿವಿಯೂ ಹೋಯಿತು, ಕಾಲಿನ ನಿಲುವೂ ಹೋಯಿತು. ಮನೆಯವರು ಕಾರಣವನ್ನು ತಾವೇ ಕಂಡುಕೊಂಡರು. ಕೆಮ್ಮು ವಾಸಿ ಮಾಡಿದವನು ಕಂಪೌಂಡರ, ಕಿವಿ ಕಿತ್ತುಕೊಂಡವನು ಹೊಳೆಬದಿಯ ದೈವ ಜಟಗ. ಬಂಗಾರಿ ವರ್ಷವರ್ಷವೂ ಜಟಗನಿಗೆ ಕೋಳಿ ಒಪ್ಪಿಸಿ, ನನ್ನಿಂದ ಎಂತ ತಪ್ಪಾತು ಎಂದು ಕೇಳುತ್ತಿದ್ದಳು. ದಾಸಪ್ಪನಿಗೆ ಈರುಳ್ಳಿ ಗೊಂಚಲು ತಂದುಕೊಡುತ್ತಿದ್ದಳು. ಅವನು ಆ ಈರುಳ್ಳಿಯನ್ನು ಯಾವತ್ತೂ ತಿನ್ನಲಿಲ್ಲ, ನಿಜವನ್ನು ಹೇಳಲೂ ಇಲ್ಲ.

ಹೊಸ ಡಾಕ್ಟರರು ಬಂದ ಮೇಲೆ ಒಂದು ಮಧ್ಯಾಹ್ನ, ಯಾರದೋ ಮಾತು ಎಂಬಂತೆ, ದಾಸಪ್ಪ ಈ ಸಂಗತಿ ಕೇಳಿದ. ಅವರು ಪುಸ್ತಕ ತೆಗೆದು, ಮೂತ್ರಪಿಂಡ ಕೆಟ್ಟರೆ ಆ ಸೂಜಿ ಕಿವಿಗೇ ಎರಗುತ್ತದೆ ಎಂದು ವಿವರಿಸಿದರು. ಅಂದೇ ಅವನು ಒಂದು ಪಟ್ಟಿ ಬರೆದು ಮದ್ದಿನ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ. ಮೂತ್ರಪಿಂಡ ಕೆಟ್ಟವರ ಚೀಟಿಗೆ ಕೆಂಪು ಪೆನ್ಸಿಲಿನ ಗೆರೆ. ಗೆರೆಯ ಚೀಟಿ ಬಂದರೆ ಬಾಗಿಲು ತೆರೆದು ಪಟ್ಟಿಯ ಮೇಲೆ ಬೆರಳಾಡಿಸದೆ ಏನನ್ನೂ ಕೊಡುವಂತಿಲ್ಲ. ಭೇದಿಗೆ ಎಪ್ಸಮ್ ಉಪ್ಪು ಇಲ್ಲ, ಪೊಟ್ಯಾಸಿಯಂ ಸಿಟ್ರೇಟಿನ ಮಿಕ್ಸ್ಚರ್ ಇಲ್ಲ, ತಲೆನೋವಿನ ಎಪಿಸಿ ಗುಳಿಗೆ ಇಲ್ಲ, ಟೆಟ್ರಾಸೈಕ್ಲಿನ್ ಇಲ್ಲ, ಕ್ಷಯದ ಪಾಸ್ ಪುಡಿಯೂ ಇಲ್ಲ. ಸ್ಟ್ರೆಪ್ಟೊಮೈಸಿನ್ ಬೇಕೇ ಬೇಕಾದರೆ ಡಾಕ್ಟರರನ್ನು ಕೇಳಿ, ಕಡಿಮೆ ಮಾಡಿ, ದಿನ ಬಿಟ್ಟು.

ಸುಕ್ರಿಯ ಚೀಟಿಗೆ ಕೆಂಪು ಗೆರೆ ಬಿದ್ದಿತ್ತು. ಮಗು ಹೆತ್ತಂದಿನಿಂದ ಅವಳ ಪಾದ ಬಾತೇ ಇತ್ತು, ರಕ್ತದಲ್ಲಿ ಯೂರಿಯಾ ಏರಿತ್ತು. ಡಾಕ್ಟರರು ದಿನಾ ಕ್ಷಯದ ಐಎನ್‌ಎಚ್ ಗುಳಿಗೆ ಕೊಟ್ಟು, ಅರ್ಧ ಗ್ರಾಂ ಸೂಜಿಯನ್ನು ವಾರಕ್ಕೆ ಎರಡೇ ಸಲ, ಸೋಮವಾರ ಮತ್ತು ಗುರುವಾರ, ಎಂದು ಬರೆದರು. ಸೋಮವಾರ ಗಂಡನೊಬ್ಬನೇ ಕರೆತರುತ್ತಿದ್ದ, ಗುರುವಾರ ಬಂಗಾರಿಯೂ ಜೊತೆಗಿರುತ್ತಿದ್ದಳು. ಪ್ರತಿ ಸೂಜಿಗೂ ಮುಂಚೆ ದಾಸಪ್ಪ ಅವಳ ಕಿವಿಯ ಸದ್ದು ವಿಚಾರಿಸುತ್ತಿದ್ದ, ಪಾದ ಜೋಡಿಸಿ ಕಣ್ಣು ಮುಚ್ಚಿಸಿ, ನಿಲುವು ತಪ್ಪುತ್ತದೆಯೇ ಎಂದು ನೋಡುತ್ತಿದ್ದ. ಅವಳು ಕಂಬದಂತೆ ನಿಲ್ಲುತ್ತಿದ್ದಳು.

ಐದನೆಯ ವಾರದ ಗುರುವಾರ ಸುಕ್ರಿ ಕಣ್ಣು ಮುಚ್ಚಿದವಳೇ ಪಕ್ಕಕ್ಕೆ ವಾಲಿದಳು. ದಾಸಪ್ಪ ತೋಳು ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿದ್ದಳು.

“ಕಿವಿಯಲ್ಲಿ ಎಂತಾದ್ರೂ ಸದ್ದು ಉಂಟಾ?”

“ಜೀರುಂಡೆ ಕೂಗ್ದಂಗೆ ಆತದೆ ಒಡೆಯಾ, ಮೂರು ದಿನದಿಂದ.”

ಅದೇ ಮಾತು, ಅದೇ ಹುಳ. ಜಗಲಿಯಲ್ಲಿ ಬಂಗಾರಿ ಗೋಡೆಗೆ ಅಂಗೈ ಒತ್ತಿ ನಗುತ್ತಲೇ ಇದ್ದಳು. ಅರ್ಧ ಗ್ರಾಂ, ವಾರಕ್ಕೆ ಎರಡು. ಇಷ್ಟಕ್ಕೇ ಇಷ್ಟು ಬೇಗ ಹೀಗಾಗಬಾರದಿತ್ತು. ಅವನು ಜೊತೆಗೆ ಬಂದಿದ್ದ ಶನಿಯಾರನನ್ನು ಒಳಗೆ ಕರೆದ.

“ಖರೆ ಹೇಳು ಶನಿಯಾರ. ಬೇರೆ ಕಡೆ ಸೂಜಿ ಹಾಕ್ಸಿದ್ಯಾ?”

ಶನಿಯಾರ ಅಡಗಿಸಲಿಲ್ಲ. ಅವನಿಗೆ ಅದು ತಪ್ಪೆಂದೇ ತೋರಿರಲಿಲ್ಲ. “ಹಾಕ್ಸಿದೆ. ಎರಡು ವಾರಾತು. ಸೈಕಲ್ಲಿನಲ್ಲಿ ಒಬ್ಬ ಬತ್ತ, ನೀವು ಕೊಡದ ದಿನ ಅಂವ ಕೊಡ್ತ. ಮನೇಲಿ ಇನ್ನೂ ನಾಲ್ಕು ಶೀಸೆ ಇಟ್ಟಿದೆ.”

“ಯಾರು ಹೇಳಿದ್ರೋ ನಿಂಗೆ?”

“ಯಾರು ಹೇಳ್ಬೇಕು? ನಮ್ಮಕ್ಕಗೆ ನೀವು ದಿನಾ ಕೊಟ್ರಿ. ಬದುಕಿದ್ಳು. ನನ್ನ ಹೆಂಡ್ತಿ ತಲೆನೋವಿಗೆ ಗುಳಿಗೆ ಕೇಳ್ದ್ರೆ ಇಲ್ಲ, ಹೊಟ್ಟೆ ಕಟ್ಟಿದ್ರೆ ಉಪ್ಪು ಇಲ್ಲ, ಸೂಜಿ ವಾರಕ್ಕೆ ಎರಡೇ. ಬಾಗ್ಲು ತೆಗೀತ್ರಿ, ನೋಡ್ತ್ರಿ, ಇಲ್ಲ ಹೇಳ್ತ್ರಿ. ಅಕ್ಕಗೆ ಇದ್ದ ಮದ್ದು ಇವ್ಳಿಗೆ ಎಂತಕ್ಕಿಲ್ಲ?”

ದಾಸಪ್ಪ ಸ್ಟೂಲು ಎಳೆದು ಶನಿಯಾರನ ಎದುರು ಕೂತ. ಸೈಕಲ್ಲಿನವನನ್ನು ಬಯ್ಯಬಹುದಿತ್ತು. ಬಯ್ದು ಏನು ಬಂತು? ಇವನಿಗೆ ದಿನದ ಸೂಜಿಯೇ ದೇವರೆಂದು ಕಲಿಸಿದವನು ತಾನು. ಐದು ವರ್ಷ ಮುಚ್ಚಿಟ್ಟದ್ದು ಕೊಳೆತು ಈಗ ಇನ್ನೊಬ್ಬಳ ಕಿವಿಗೆ ಇಳಿಯುತ್ತಿತ್ತು. ಇನ್ನು ಬಾಯಿ ಬಿಡದಿದ್ದರೆ ಆ ನಾಲ್ಕು ಶೀಸೆಯೂ ಸುಕ್ರಿಯ ಮೈಗೆ ಹೋಗುತ್ತವೆ.

“ನಿಮ್ಮ ಗಜನಿ ಗದ್ದೆಗೆ ತುಂಬಿದ ನೀರು ತೂಬಿನಿಂದ ಹೊಳೆಗೆ ಹೋಗ್ತದಲ್ವಾ? ತೂಬು ಕಟ್ಟಿದ್ರೆ?”

“ಗದ್ದೆ ಮುಳುಗ್ತದೆ.”

“ಈ ಮದ್ದು ಮೈಯಿಂದ ಹೊರಗೆ ಹೋಗೂದು ಉಚ್ಚೆಯಲ್ಲೇ. ಸುಕ್ರಿಯ ತೂಬು ಕಟ್ಟಿದೆ. ನಿನ್ನೆಯದು ಹೋಗೂಕೆ ಮುಂಚೆ ಇವತ್ತಿಂದು ಮೇಲೆ ಬಿತ್ತು. ಅದು ಏರಿ ಕಿವಿಯ ನರ ಸುಡ್ತದೆ, ಆಮೇಲೆ ನಿಲ್ಲೂಕೂ ಆಗೂದಿಲ್ಲ.” ಅವನು ಜಗಲಿಯತ್ತ ಬೆರಳು ತೋರಿದ. “ಬಂಗಾರಿದೂ ಕಟ್ಟಿತ್ತು. ನಂಗೆ ಗೊತ್ತಿತ್ತು. ಆದ್ರೂ ದಿನಾ ಚುಚ್ಚಿದೆ. ಜಟಗ ಅಲ್ಲ ಶನಿಯಾರ. ನಾನು.”

ಶನಿಯಾರ ಅವನ ಕೈಗಳನ್ನೇ ನೋಡಿದ. ಹೊಡೆಯುತ್ತಾನೆ ಎಂದುಕೊಂಡ ದಾಸಪ್ಪ, ಹೊಡೆದರೆ ಒಳ್ಳೆಯದು ಎಂದೂ ಅಂದುಕೊಂಡ. ಶನಿಯಾರ ಹೊಡೆಯಲಿಲ್ಲ.

“ಸುಕ್ರಿದು ತಿರುಗಿ ಬತ್ತದಾ?”

“ಈಗ್ಲೇ ನಿಲ್ಲಿಸಿದ್ರೆ ಬರಬಹುದು. ಖಾತ್ರಿ ಹೇಳೂಕೆ ಬರೂದಿಲ್ಲ.”

ಡಾಕ್ಟರರು ಸುಕ್ರಿಯನ್ನು ನೋಡಿ ಸೂಜಿಯನ್ನು ಪೂರ್ತಿ ನಿಲ್ಲಿಸಿದರು. ಸದ್ಯಕ್ಕೆ ಗುಳಿಗೆ ಮಾತ್ರ, ಸೋಮವಾರ ಮತ್ತೆ ಪರೀಕ್ಷೆ. ಚೀಟಿ ಕೈಗೆ ಬಂದ ಮೇಲೆ ಶನಿಯಾರ, “ಅಕ್ಕಗೆ ನೀವೇ ಹೇಳಿ. ನಾ ಹೇಳೂದಿಲ್ಲ” ಎಂದ.

ಅಕ್ಷರ ಬಾರದ, ಕಿವಿ ಕೇಳದ ಹೆಂಗಸಿಗೆ ಹೇಗೆ ಹೇಳುವುದು? ದಾಸಪ್ಪ ಒಂದು ಖಾಲಿ ಶೀಸೆ ಹಿಡಿದು ಜಗಲಿಗೆ ಬಂದ. ಶೀಸೆ ತೋರಿಸಿದ, ತನ್ನ ಎದೆ ಮುಟ್ಟಿಕೊಂಡ, ಅವಳ ತೋಳಿಗೆ ಚುಚ್ಚಿದಂತೆ ಮಾಡಿದ, ಕಿವಿಯತ್ತ ಬೆರಳು ತೋರಿಸಿ ಶೀಸೆಯನ್ನು ಬೋರಲು ಹಾಕಿದ. ಬಂಗಾರಿ ತಮ್ಮನ ಮುಖ ನೋಡಿದಳು. ಶನಿಯಾರ ಹೌದೆಂದು ತಲೆ ಆಡಿಸಿದ. ಬಂಗಾರಿಯ ನಗು ನಿಂತುಹೋಯಿತು. ದಾಸಪ್ಪ ಮತ್ತೊಮ್ಮೆ ಎಲ್ಲವನ್ನೂ ಮಾಡಿ ತೋರಿಸಿದ, ಈ ಸಲ ಅವನ ಕಣ್ಣಿಂದ ನೀರು ಹರಿಯುತ್ತಿತ್ತು.

ಅವಳು ಗೋಡೆಯಿಂದ ಕೈ ತೆಗೆದು ಅವನ ಭುಜ ಹಿಡಿದುಕೊಂಡಳು. ಕಿವುಡರ ಹದ ತಪ್ಪಿದ ದೊಡ್ಡ ದನಿಯಲ್ಲಿ, ಜಗಲಿಯ ಜನರೆಲ್ಲ ತಿರುಗುವಂತೆ ಕೇಳಿದಳು.

“ಹಂಗಾರೆ ನಾ ಎಂತ ತಪ್ಪೂ ಮಾಡ್ಲಿಲ್ಲ, ಅಲ್ದಾ ಒಡೆಯಾ?”