ನಿದ್ದೆ ಹಾಳೆಯಲ್ಲಿಲ್ಲದ ಕಾಲಂ

ರೋಗಿಗಳು ಮಲಗಿದ, ಎದ್ದ ಹೊತ್ತು ಬರೆದಿಡಲು ವಾರಕ್ಕೊಂದರಂತೆ ಆರಾರು ನಿದ್ದೆ ಹಾಳೆ ಜೋಡಿಸಿ ಪಿನ್ ಹೊಡೆಯುತ್ತ ಕೂತಿದ್ದರು ನಿದ್ದೆ ಮೇಡಂ. ಮಾತ್ರೆ ಕೊಡದೆ ಮಾತಿನಿಂದ, ಅಭ್ಯಾಸದಿಂದ ನಿದ್ದೆ ಸರಿಪಡಿಸುವ ಅವರಿಗೆ ಆಸ್ಪತ್ರೆಯೇ ಇಟ್ಟ ಹೆಸರದು. ಕೋಣೆಗೆ ಕಿಟಕಿಯಿಲ್ಲ. ಮೊಣಕಾಲಿಗೆ ತಾಗುವ ಡ್ರಾಯರಿನಲ್ಲಿ ಎಂಟು ತಿಂಗಳಿಂದ ಒಂದು ಕಾಗದ ಮಲಗಿತ್ತು. ಕುರ್ಚಿ ಹಿಂದಕ್ಕೆ ಸರಿಸಿದರೆ ಗೋಡೆ, ಮುಂದಕ್ಕೆ ಸರಿಸಿದರೆ ಆ ಡ್ರಾಯರು.

ಅವರೂ ದೊಡ್ಡ ಡಾಕ್ಟರೂ ಸೇರಿ ಬರೆದ ಕೈಪಿಡಿ ನಲವತ್ತೆರಡು ಕ್ಲಿನಿಕ್ಕುಗಳಲ್ಲಿತ್ತು. ಐದು ಗಂಟೆ ನಿದ್ದೆ ಬರುವವರು ಒಂಬತ್ತು ಗಂಟೆ ಹೊರಳಾಡಬಾರದು, ಹಾಸಿಗೆಯ ಹೊತ್ತನ್ನೇ ಐದಕ್ಕೆ ಇಳಿಸಿ, ನಿದ್ದೆ ಗಟ್ಟಿಯಾದ ಮೇಲೆ ಕಾಲು ಕಾಲು ಗಂಟೆ ಏರಿಸಿ ಎಂದು ಅದರಲ್ಲಿತ್ತು. ಬಹಳ ಜನಕ್ಕೆ ಅದು ಒಳ್ಳೆಯದನ್ನೇ ಮಾಡಿತ್ತು. ಆದರೆ ಮನಸ್ಸು ಒಮ್ಮೆ ಕುಸಿದು ಒಮ್ಮೆ ಉಕ್ಕುವ ಬೈಪೋಲಾರ್ ಕಾಯಿಲೆಯವರಿಗೆ ನಿದ್ದೆ ಕತ್ತರಿಸುವುದೆಂದರೆ ಉಕ್ಕುವ ಹಾಲಿನ ಕೆಳಗೆ ಉರಿ ಏರಿಸಿದಂತೆ. ಆ ಮಾತು ಕೈಪಿಡಿಯಲ್ಲಿ ಇರಲಿಲ್ಲ. ಒಬ್ಬ ಟಿಕೆಟ್ ಗುಮಾಸ್ತ ಹಾಗೆ ಉಕ್ಕಿ ವಾರ್ಡಿಗೆ ಸೇರಿದ ದಿನ ಮೇಡಂ ಎಲ್ಲ ಕ್ಲಿನಿಕ್ಕುಗಳಿಗೂ ಎಚ್ಚರಿಕೆಯ ಕಾಗದ ಬರೆದಿದ್ದರು. "ಎರಡನೇ ಮುದ್ರಣದಲ್ಲಿ ಸೇರಿಸೋಣ, ಈಗ ಕಾಗದ ಹೋದ್ರೆ ನಮ್ಮ ಮುಖಕ್ಕೇ ಮಸಿ" ಎಂದಿದ್ದರು ದೊಡ್ಡ ಡಾಕ್ಟರು. ಮೇಡಂ ತಲೆಯಾಡಿಸಿದ್ದರು. ಕಾಗದ ಡ್ರಾಯರು ಸೇರಿತ್ತು.

ಬಾಗಿಲು ದೂಡಿಕೊಂಡು ಇಬ್ಬರು ಹೆಂಗಸರು ಬಂದರು. ಹೊಲಿಗೆಯವಳು, ಅವಳ ಕೈ ಬಿಗಿಯಾಗಿ ಹಿಡಿದ ಅವಳಕ್ಕ.

"ನಮ್ಮ ಕಡೆ ಕ್ಲಿನಿಕ್ಕಲ್ಲಿ ಇವಳು ಗುಣ ಆದ್ಲು ಅಂತಾರೆ ಮೇಡಂ," ಎಂದಳು ಅಕ್ಕ. "ನನಗ್ಯಾಕೋ ನಂಬಿಕೆ ಬರ್ತಿಲ್ಲ. ನೀವೇ ನೋಡಿ."

ಅವರು ತಂದ ನಿದ್ದೆ ಹಾಳೆಗಳನ್ನು ಮೇಡಂ ಬಿಡಿಸಿದರು. ತಾವೇ ಗೆರೆ ಎಳೆದ ಹಾಳೆ. ಮೊದಲ ವಾರ: ಹಾಸಿಗೆಯಲ್ಲಿ ಐದು ಗಂಟೆ, ನಿದ್ದೆ ನಾಲ್ಕೂಮುಕ್ಕಾಲು, ಅಂದರೆ ಹಾಸಿಗೆಯ ಹೊತ್ತಿನಲ್ಲಿ ನಿದ್ದೆ ನೂರಕ್ಕೆ ತೊಂಬತ್ತೈದು. ಮೂರನೇ ವಾರ: ಹಾಸಿಗೆಯಲ್ಲಿ ಮೂರು ಗಂಟೆ ಹತ್ತು ನಿಮಿಷ, ನಿದ್ದೆ ಮೂರು ಗಂಟೆ. ಆಗಲೂ ತೊಂಬತ್ತೈದೇ! ಪಕ್ಕದಲ್ಲಿ ಅಲ್ಲಿಯ ಚಿಕಿತ್ಸಕರು ನಕ್ಷತ್ರ ಬಿಡಿಸಿ 'ಭೇಷ್' ಎಂದು ಬರೆದಿದ್ದರು. ಎಚ್ಚರವಾದರೆ ಎದ್ದುಬಿಡಿ ಎಂದಿತ್ತು ಕೈಪಿಡಿ, ಇವಳು ಏಳುತ್ತಿದ್ದಳು. ಗಂಟೆ ಕರಗಿದರೂ ಅಂಕ ಕದಲಿರಲಿಲ್ಲ.

"ಹಗಲು ತೂಕಡಿಕೆ ಬರತ್ತಾ?"

"ತೂಕಡಿಕೆನಾ!" ಹೊಲಿಗೆಯವಳು ಗಲಗಲ ನಕ್ಕಳು. "ಎರಡೇ ರಾತ್ರೀಲಿ ಹದಿನೆಂಟು ಯೂನಿಫಾರಂ ಹೊಲಿದೆ. ನಿಮ್ಮ ಕುರ್ಚಿಗೂ ಕವರ್ ಬೇಕು ಮೇಡಂ, ಅಳತೆ ತಗೊಳ್ಳಲಾ? ಪರದೆನೂ ಹೊಲಿತೀನಿ. ಅಯ್ಯೋ, ಕಿಟಕಿಯೇ ಇಲ್ವಲ್ಲ!"

"ಏಳು ವರ್ಷದ ಹಿಂದೆನೂ ಹೀಗೇ ಶುರುವಾಗಿತ್ತು," ಅಕ್ಕನ ದನಿ ಇಳಿಯಿತು. "ಎರಡು ತಿಂಗಳು ಆಸ್ಪತ್ರೆ."

"ಅಲ್ಲಿ ಹೇಳಿದ್ರಾ?"

"ಯಾರೂ ಕೇಳಲೇ ಇಲ್ಲ. ಫಾರಂನಲ್ಲೂ ಇರಲಿಲ್ಲ."

ಮೇಡಂ ಅವರ ಬೆನ್ನು ಗೋಡೆಗೆ ತಾಗಿತು. ಕೇಳದೇ ಇದ್ದದ್ದು ಆ ಚಿಕಿತ್ಸಕರಲ್ಲ, ತಾವು.

"ಈ ಲೆಕ್ಕ ಇವತ್ತಿಗೇ ಬಂದ್," ಎಂದರು. "ಹತ್ತು ಗಂಟೆಗೆ ಮಲಗೋದು, ಆರಕ್ಕೆ ಏಳೋದು, ದಿನಾ ಒಂದೇ ಹೊತ್ತು. ಎಚ್ಚರ ಆದ್ರೂ ಮಂದ ಬೆಳಕಲ್ಲೇ ಸುಮ್ಮನೆ ಇರಬೇಕು. ಸಂಜೆ ಆದ್ಮೇಲೆ ಮಿಷನ್ ಮುಟ್ಟೋ ಹಾಗಿಲ್ಲ. ಈಗಲೇ ಮಾನಸಿಕ ವೈದ್ಯರ ಹತ್ರ ಹೋಗೋಣ, ಔಷಧಿ ನೋಡಬೇಕು."

ಹೊಲಿಗೆಯವಳ ನಗು ಆರಿತು. "ನಿದ್ದೆ ಬರಲ್ಲ ಅಂದ್ರೆ ಕಾಯಿಲೆ, ಬೇಡ ಅಂದ್ರೂ ಕಾಯಿಲೆನಾ? ಎಷ್ಟೋ ವರ್ಷಕ್ಕೆ ಚೆನ್ನಾಗಿದೀನಿ. ಅದನ್ನೂ ಕಿತ್ಕೋತೀರಾ?"

"ಬೇಕು ಅಂದ್ರೂ ಬರದಿದ್ರೆ ಸುಸ್ತಾಗತ್ತೆ ತಾಯಿ. ನಿಮಗೆ ಸುಸ್ತೇ ಇಲ್ಲ. ನನಗೆ ಭಯ ಅದಕ್ಕೇ."

ಅವಳು ಮುಖ ತಿರುಗಿಸಿದಳು. ಅಕ್ಕ ಮಾತ್ರ ಕೈ ಬಿಡಲಿಲ್ಲ. ಮಾನಸಿಕ ವಿಭಾಗಕ್ಕೆ ಮೂವರೂ ನಡೆದರು. ಅಲ್ಲಿಯ ವೈದ್ಯೆ ಔಷಧಿ ಕೊಟ್ಟು, ದಿನಬಿಟ್ಟು ದಿನ ಬರಬೇಕೆಂದು ಬರೆದುಕೊಟ್ಟ ಮೇಲೆಯೇ ಮೇಡಂ ದೊಡ್ಡ ಡಾಕ್ಟರ ಕೋಣೆಗೆ ಹೋದದ್ದು.

"ಮುದ್ರಣ ಇನ್ನು ಮೂರೇ ತಿಂಗಳು ಮೇಡಂ," ಅವರು ಕನ್ನಡಕ ಒರೆಸುತ್ತ ಅಂದರು. "ಇಷ್ಟು ದಿನ ತಡೆದವರು..."

"ತಡೆದದ್ದಕ್ಕೇ ಇವತ್ತು ಇನ್ನೊಬ್ಬಳು ಬಂದ್ಲು ಸಾರ್."

"ನನ್ನ ಸಹಿ ಕೊಡಲ್ಲ."

"ನನ್ನದೊಂದೇ ಸಾಕು. ಗೆರೆ ಎಳೆದವಳು ನಾನೇ ಅಲ್ವಾ?"

ಡ್ರಾಯರು ತೆರೆದಾಗ ಕಾಗದದ ಅಂಚು ಹಳದಿಯಾಗಿತ್ತು. 'ಮೊದಲು ಹಿಂದಿನ ಉನ್ಮಾದದ ಬಗ್ಗೆ ರೋಗಿಯನ್ನೂ ಮನೆಯವರನ್ನೂ ಕೇಳಿ. ಬೈಪೋಲಾರ್ ಇದ್ದವರಿಗೆ ಹಾಸಿಗೆಯ ಹೊತ್ತು ಆರೂವರೆ ಗಂಟೆಗಿಂತ ಇಳಿಸಬೇಡಿ. ಮಲಗುವ ಹೊತ್ತನ್ನು ಸ್ವಲ್ಪಸ್ವಲ್ಪವೇ ಬದಲಿಸಿ, ಮನಸ್ಥಿತಿಯನ್ನು ದಿನವೂ ನೋಡಿ.' ಅದರ ಕೆಳಗೆ ಪೆನ್ನಿನಲ್ಲಿ ಸೇರಿಸಿದರು: 'ನಿದ್ದೆ ಇಳಿದು ಹುರುಪು ಏರಿದರೆ ಅಂದೇ ನಿಲ್ಲಿಸಿ, ಮಾನಸಿಕ ವೈದ್ಯರಿಗೆ ತಿಳಿಸಿ. ನೂರಕ್ಕೆಷ್ಟು ಎಂಬ ಅಂಕವೊಂದನ್ನೇ ನಂಬಬೇಡಿ. ಈ ತಪ್ಪು ನನ್ನದು.' ಹಾಳೆಗೆ ಹೊಸ ಕಾಲಂ ಎಳೆದರು: ಇಂದಿನ ಹುರುಪು. ಹಳೆಯ ಹಾಳೆಗಳನ್ನು ತೆಗೆದುಹಾಕಲು ಬೆಳಗ್ಗೆ ಹೊಡೆದ ಪಿನ್ನುಗಳನ್ನೆಲ್ಲ ಒಂದೊಂದಾಗಿ ಕಿತ್ತರು.

ಅಂಚೆ ಕಚೇರಿಯ ಗುಮಾಸ್ತೆ ನಲವತ್ತೆರಡು ಲಕೋಟೆ ನೋಡಿ ಹುಬ್ಬೇರಿಸಿದಳು. "ಬಾಗಿಲು ಹಾಕೋ ಹೊತ್ತಲ್ಲಿ ತಂದ್ರಲ್ಲಮ್ಮ! ನಾಳೆ ಆಗಲ್ವಾ?"

"ಎಂಟು ತಿಂಗಳಿಂದ ನಾಳೆ ನಾಳೆ ಅಂತಾನೇ ಅಂದಿದೀನಿ ಕಣಮ್ಮ."

ಅವಳು ಗೊಣಗುತ್ತಲೇ ಮೊಹರು ಎತ್ತಿಕೊಂಡಳು. ನಲವತ್ತೆರಡನೆಯ ಲಕೋಟೆ ಚೀಲಕ್ಕೆ ಬೀಳುವವರೆಗೂ ಮೇಡಂ ಅಲ್ಲೇ ನಿಂತಿದ್ದರು.